ಕೇಳಿದ ಗ್ರೇಡ್ ಒಂದು, ಬಂದ ಸ್ಟೀಲ್ ಇನ್ನೊಂದು: ತಿರಸ್ಕಾರ ಪತ್ರ ಬರೆಯುವುದು ಹೇಗೆ?

ಲಾರಿ ಖಾಲಿಯಾಗಿದೆ, ಮಿಲ್ ಸರ್ಟಿಫಿಕೇಟ್ ಕೈಯಲ್ಲಿದೆ. ನೀವು ಆರ್ಡರ್ ಮಾಡಿದ್ದು ಎಸ್355ಜೆ2 ಪ್ಲೇಟ್. ಸರ್ಟಿಫಿಕೇಟ್‌ನಲ್ಲಿ ಇರುವುದು ಎಸ್355ಜೆಆರ್. ಫೋನ್ ಮಾಡಿದರೆ ಸಪ್ಲೈಯರ್ ಹೇಳುವುದು ಒಂದೇ ಮಾತು: "ಸ್ಟ್ರೆಂತ್ ಎರಡಕ್ಕೂ ಒಂದೇ ಸಾರ್, ಏನೂ ಆಗಲ್ಲ." ಮೊದಲರ್ಧ ನಿಜ. ಎರಡನೇ ಅರ್ಧಕ್ಕೇ ಪತ್ರ ಬರೆಯಬೇಕಾಗಿರುವುದು.

ಎರಡೂ ಇಎನ್ 10025-2 ಸ್ಟ್ಯಾಂಡರ್ಡ್‌ನ ಗ್ರೇಡ್‌ಗಳು. ಬಾಗಿ ಉಳಿದುಬಿಡುವ ಮೊದಲು ಎಷ್ಟು ಬಲ ತಡೆಯುತ್ತದೆ ಎನ್ನುವುದರಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಏಟು ತಡೆಯುವುದರಲ್ಲಿ, ಅದನ್ನು ಅಳೆಯುವುದು ಇಂಪ್ಯಾಕ್ಟ್ ಟೆಸ್ಟ್. ಜೆಆರ್‌ ಸ್ಟೀಲ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 27 ಜೂಲ್ ತಡೆದರೆ ಪಾಸ್. ಜೆ2 ಅದೇ 27 ಜೂಲನ್ನು ಮೈನಸ್ 20 ಡಿಗ್ರಿಯಲ್ಲಿ ತಡೆಯಬೇಕು. ಚಳಿಯಲ್ಲಿ ಸ್ಟೀಲ್ ಎಳೆದುಕೊಳ್ಳದೆ ಒಮ್ಮೆಲೇ ಬಿರುಕು ಬಿಡಬಹುದು, ಅದಕ್ಕೇ ಡಿಸೈನರ್ ಜೆ2 ಕೇಳಿರುತ್ತಾರೆ. ರಂಜಕದ ಮಿತಿಯೂ ಬೇರೆ: ಕರಗಿದ ಸ್ಟೀಲ್‌ನ ವಿಶ್ಲೇಷಣೆಯಲ್ಲಿ ಜೆಆರ್‌ಗೆ ಹೆಚ್ಚೆಂದರೆ 0.035 ಶೇಕಡಾ, ಜೆ2ಗೆ 0.025.

ಪೆನ್ ಹಿಡಿಯುವ ಮೊದಲು ಪ್ಲೇಟ್ ನೋಡಿ

ಪ್ಲೇಟ್ ಮೇಲೆ ಪಂಚ್ ಮಾಡಿದ ಅಥವಾ ಬಣ್ಣದಲ್ಲಿ ಬರೆದ ಹೀಟ್ ನಂಬರ್ ಇರುತ್ತದೆ. ಒಂದೇ ಬಾರಿ ಕರಗಿಸಿದ ಸ್ಟೀಲ್‌ಗೆ ಒಂದು ಹೀಟ್ ನಂಬರ್. ಅದನ್ನು ಸರ್ಟಿಫಿಕೇಟ್ ಜೊತೆ ತಾಳೆ ನೋಡಿ, ಫೋಟೋ ತೆಗೆಯಿರಿ. ಪ್ಲೇಟ್ ಮೇಲಿನ ನಂಬರ್ ಯಾವ ಸರ್ಟಿಫಿಕೇಟ್‌ನಲ್ಲೂ ಇಲ್ಲದಿದ್ದರೆ ತಕರಾರೇ ಬೇರೆ: ಅದು ಗುರುತಿಲ್ಲದ ಮಾಲು. ಆಗ "ಗ್ರೇಡ್ ತಪ್ಪು" ಎಂದು ಬರೆದರೆ ಸಪ್ಲೈಯರ್ ಸುಮ್ನೆ ಇನ್ನೊಂದು ಕಾಗದ ಕಳಿಸಿ ಕೈತೊಳೆದುಕೊಳ್ಳುತ್ತಾರೆ.

ನಮ್ಮ ಉದಾಹರಣೆಯಲ್ಲಿ 20 ಮಿಲಿಮೀಟರ್ ದಪ್ಪದ 12 ಪ್ಲೇಟ್ ಬಂದಿವೆ, ಮೂರು ಹೀಟ್‌ನವು. ಎರಡು ಹೀಟ್ ಸರಿಯಿವೆ. ಮೂರನೆಯದರ ನಾಲ್ಕು ಪ್ಲೇಟ್ ಮಾತ್ರ ಜೆಆರ್. ಹಾಗಾದರೆ ಪತ್ರ ಆ ನಾಲ್ಕಕ್ಕೆ ಮಾತ್ರ. ಸಿಟ್ಟಿನಲ್ಲಿ ಹನ್ನೆರಡನ್ನೂ ತಿರಸ್ಕರಿಸಿದರೆ ಜಗಳ ಒಳ್ಳೆಯ ಎಂಟು ಪ್ಲೇಟ್‌ಗಳ ಕಡೆ ತಿರುಗುತ್ತದೆ.

ಆ ನಾಲ್ಕನ್ನು ಬೇರೆ ಇಟ್ಟು, "ಹೋಲ್ಡ್" ಎಂದು ಬಣ್ಣದಲ್ಲಿ ಬರೆಯಿರಿ. ಒಂದು ತುಂಡೂ ಕತ್ತರಿಸಬೇಡಿ. ಕತ್ತರಿಸಿದ ಮಾಲನ್ನು ನೀವು ಒಪ್ಪಿಕೊಂಡ ಹಾಗೇ ಎಂದು ವಾದ ಮಾಡಲು ಅಷ್ಟು ಸಾಕು. ತಡ ಮಾಡಿದರೂ ಅದೇ ಪಾಡು.

ಪತ್ರ

ವಿಶೇಷಣಗಳು ಬೇಡ. "ಕಳಪೆ", "ಮೋಸ" ಎಂದು ಬರೆಯಲೇಬೇಡಿ. ಸ್ಟೀಲ್ ಕೆಟ್ಟದ್ದು ಎಂದು ಸಾಬೀತು ಮಾಡುವ ಹೊರೆ ಸುಮ್ಮನೆ ಯಾಕೆ? ಕೇಳಿದ್ದು ಬಂದಿಲ್ಲ ಎಂದರೆ ಸಾಕು.

> ವಿಷಯ: ಪರ್ಚೇಸ್ ಆರ್ಡರ್ ನಂ. ___, ನಾಲ್ಕು ಪ್ಲೇಟ್‌ಗಳ ತಿರಸ್ಕಾರ
>
> ಮೇಲಿನ ಆರ್ಡರ್‌ನಲ್ಲಿ ನಾವು ಕೇಳಿದ್ದು ಇಎನ್ 10025-2 ಪ್ರಕಾರ ಎಸ್355ಜೆ2, 20 ಮಿ.ಮೀ., ಇಎನ್ 10204 ಟೈಪ್ 3.1 ಸರ್ಟಿಫಿಕೇಟ್ ಸಹಿತ.
>
> ಚಲನ್ ನಂ. ___ ರಲ್ಲಿ ಬಂದ ಹೀಟ್ ನಂ. ___ ರ ನಾಲ್ಕು ಪ್ಲೇಟ್‌ಗಳಿಗೆ (ಪ್ಲೇಟ್ ನಂ. ___) ನೀವು ಕೊಟ್ಟ ಸರ್ಟಿಫಿಕೇಟ್ ನಂ. ___ ರಲ್ಲಿ ಗ್ರೇಡ್ ಎಸ್355ಜೆಆರ್ ಎಂದಿದೆ. ಇಂಪ್ಯಾಕ್ಟ್ ಟೆಸ್ಟ್ ಪ್ಲಸ್ 20 ಡಿಗ್ರಿಯಲ್ಲಿ ನಡೆದಿದೆ. ಬೇಕಿದ್ದದ್ದು ಮೈನಸ್ 20. ರಂಜಕ 0.031 ಶೇಕಡಾ, ಮಿತಿ 0.025.
>
> ಆದ್ದರಿಂದ ಈ ನಾಲ್ಕು ಪ್ಲೇಟ್‌ಗಳನ್ನು ತಿರಸ್ಕರಿಸಿದ್ದೇವೆ. ಅವನ್ನು ಬಳಸದೆ ಬೇರೆ ಇಟ್ಟಿದ್ದೇವೆ. ___ ತಾರೀಕಿನೊಳಗೆ ನಿಮ್ಮ ಖರ್ಚಿನಲ್ಲಿ ವಾಪಸ್ ಒಯ್ದು, ಆರ್ಡರ್‌ನಂತೆ ಬದಲಿ ಪ್ಲೇಟ್ ಕೊಡಿ. ಇವುಗಳ ಬಿಲ್ ಮೊತ್ತವನ್ನು ತಡೆಹಿಡಿದಿದ್ದೇವೆ. ಉಳಿದ ಎಂಟು ಪ್ಲೇಟ್‌ಗಳಿಗೆ ಈ ಪತ್ರ ಅನ್ವಯಿಸುವುದಿಲ್ಲ. ಆರ್ಡರ್ ಪ್ರಕಾರ ನಮಗಿರುವ ಇತರ ಹಕ್ಕುಗಳು ಹಾಗೇ ಉಳಿದಿವೆ.

ಸರ್ಟಿಫಿಕೇಟ್ ಪ್ರತಿ, ಹೀಟ್ ನಂಬರ್‌ನ ಫೋಟೋ, ಆರ್ಡರ್‌ನ ಆ ಸಾಲು ಇರುವ ಪುಟ, ಇಷ್ಟು ಲಗತ್ತಿಸಿ. ಬಿಲ್ ತಡೆಯುವ ಸಾಲು ಹಾಕುವ ಮೊದಲು ಆರ್ಡರ್‌ನ ಷರತ್ತು ಒಮ್ಮೆ ಓದಿ. ತಲುಪಿದ್ದಕ್ಕೆ ಪುರಾವೆ ಸಿಗುವ ದಾರಿಯಲ್ಲೇ ಪತ್ರ ಕಳಿಸಿ.

ಉತ್ತರ ಬಂದ ಮೇಲೆ

ಜಾಸ್ತಿ ಬರುವ ಉತ್ತರ "ತಿದ್ದಿದ" ಸರ್ಟಿಫಿಕೇಟ್. ಅದೇ ಹೀಟ್ ನಂಬರ್, ಈಗ ಗ್ರೇಡ್ ಜೆ2! ಸಾಲು ಸಾಲಾಗಿ ಹಳೆಯದರ ಜೊತೆ ಹೋಲಿಸಿ. ಮಿಲ್ ನಿಜವಾಗಿ ಮೈನಸ್ 20ರಲ್ಲಿ ಹೊಸ ಟೆಸ್ಟ್ ಮಾಡಿದ್ದರೆ ಇಂಪ್ಯಾಕ್ಟ್ ಅಂಕಿ ಬದಲಾಗಬಹುದು. ಆದರೆ ಕರಗಿದಾಗ ತೆಗೆದ ಸ್ಯಾಂಪಲ್‌ನ ರಂಜಕ 0.031ರಿಂದ 0.022ಕ್ಕೆ ಇಳಿಯಲು ಕಾರಣವೇ ಇಲ್ಲ. ಹೀಗೆ ಕಂಡರೆ ಸಪ್ಲೈಯರ್‌ನ ಬಿಟ್ಟು ನೇರವಾಗಿ ಮಿಲ್‌ಗೆ ಬರೆದು ಸರ್ಟಿಫಿಕೇಟ್ ಅವರದ್ದೇನಾ ಎಂದು ಕೇಳಿ.

ಕೆಲವರು "ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸೋಣ" ಎನ್ನುತ್ತಾರೆ. ಒಂದು ಪ್ಲೇಟ್‌ನ ತುಂಡು ಪಾಸಾದರೂ ಅದು ಆ ತುಂಡಿನ ಫಲಿತಾಂಶ ಅಷ್ಟೇ, ಮಿಲ್ ಕೊಡುವ 3.1 ಸರ್ಟಿಫಿಕೇಟ್ ಆಗುವುದಿಲ್ಲ ಅಲ್ವಾ? ಆ ಪ್ಲೇಟ್‌ಗಳನ್ನು ಕಡಿಮೆ ದರಕ್ಕೆ ಇಟ್ಟುಕೊಳ್ಳುವ ಆಲೋಚನೆ ಇದ್ದರೆ, ಯಾವ ಭಾಗಕ್ಕೆ ಬಳಸಬಹುದು ಎಂದು ಡಿಸೈನರ್‌ರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅದು ಕೈಗೆ ಬರುವ ತನಕ ತಿರಸ್ಕಾರ ಪತ್ರವನ್ನು ವಾಪಸ್ ಪಡೆಯಬೇಡಿ.