ಯಾವ ಕೊಪ್ಪ ಸ್ವಾಮಿ? ಒಂದೇ ಹೆಸರಿನ ಊರುಗಳ ನಡುವೆ ಸರಿಯಾದುದನ್ನು ಮುಟ್ಟುವುದು ಹೇಗೆ

ಗೃಹಪ್ರವೇಶದ ಕರೆಯೋಲೆಯಲ್ಲಿ ‘ಕೊಪ್ಪ ಗ್ರಾಮ’ ಎಂದಷ್ಟೇ ಇತ್ತು. ಬೆಂಗಳೂರಿನಿಂದ ನಸುಕಿನಲ್ಲೇ ಹೊರಟವನು ಮೊಬೈಲಿನಲ್ಲಿ ಆ ಎರಡಕ್ಷರ ಒತ್ತಿದೆ, ಮ್ಯಾಪು ಮೊದಲು ತೋರಿಸಿದ ಊರನ್ನೇ ನಂಬಿದೆ. ಕುಣಿಗಲ್ ಹತ್ತಿರ ಟೀ ಕುಡಿಯುತ್ತಿದ್ದಾಗ ಭಾಮೈದನ ಫೋನು: ‘ಭಾವ, ಮದ್ದೂರು ದಾಟಿದ್ರಾ?’ ನಾನು ಹೊರಟಿದ್ದದ್ದು ಮಲೆನಾಡಿನ ಕೊಪ್ಪಕ್ಕೆ! ಪುಣ್ಯಕ್ಕೆ ಕುಣಿಗಲ್‌ನಿಂದ ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ದಾರಿಯಿದೆ. ಹಾಸನ ದಾಟಿದ ಮೇಲೆ ಗೊತ್ತಾಗಿದ್ದರೆ ಊಟವೂ ಸಿಗುತ್ತಿರಲಿಲ್ಲ.

ಕೊಪ್ಪಗಳು ಎಷ್ಟಿವೆ ನೋಡಿ. ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ ಕೊಪ್ಪ, ಶೃಂಗೇರಿ ಕಡೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಹೋಬಳಿ ಕೇಂದ್ರವಾದ ಕೊಪ್ಪ ಇನ್ನೊಂದು. ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಬೈಲಕುಪ್ಪೆಯ ಪಕ್ಕದಲ್ಲಿದೆ; ಅಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗಿನ ಕುಶಾಲನಗರ. ಬೆಂಗಳೂರಿನ ಮಗ್ಗುಲಲ್ಲೇ, ಆನೇಕಲ್ ತಾಲ್ಲೂಕಿನಲ್ಲಿ, ಕೊಪ್ಪ ಗೇಟ್ ಎಂದು ಜನ ಹೇಳುವ ಕೊಪ್ಪವೂ ಇದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಕೊಪ್ಪ, ಕೊಪ್ಪಲು ಎಂದರೆ ಸಣ್ಣ ಹಳ್ಳಿ ಎಂದೇ ಅರ್ಥ. ಹೊಸಹಳ್ಳಿ, ಹೊಸೂರು, ರಾಂಪುರಗಳ ಕಥೆಯೂ ಇದೇ. ಹೆಸರಿಟ್ಟವರಿಗೆ ಇನ್ನೊಂದು ಜಿಲ್ಲೆಯ ಹೊಸಹಳ್ಳಿಯ ಚಿಂತೆ ಇರಲಿಲ್ಲ.

ಮೊದಲು ಹೋಬಳಿ ಕೇಳಿ

ಕರೆದವರಿಗೆ ಫೋನು ಮಾಡಿ ‘ಯಾವ ಜಿಲ್ಲೆ’ ಎಂದಷ್ಟೇ ಕೇಳಿದರೆ ಸಾಲದು. ಒಂದೇ ಜಿಲ್ಲೆಯಲ್ಲಿ, ಎಷ್ಟೋ ಸಲ ಒಂದೇ ತಾಲ್ಲೂಕಿನಲ್ಲೂ, ಎರಡು ಹೊಸಹಳ್ಳಿ ಇರುತ್ತವೆ. ನಮ್ಮ ಕಂದಾಯ ಲೆಕ್ಕದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಆಮೇಲೆ ಗ್ರಾಮ. ಪಹಣಿ ತೆಗೆಯುವಾಗಲೂ ಇದೇ ಕ್ರಮದಲ್ಲಿ ಆರಿಸುತ್ತೇವೆ. ಆದ್ದರಿಂದ ಹೋಬಳಿ ಗೊತ್ತಾದರೆ ಗೊಂದಲ ಬಹುಪಾಲು ಮುಗಿಯಿತು. ಅದರ ಜೊತೆಗೆ ಪಕ್ಕದ ಎರಡು ಊರುಗಳ ಹೆಸರು ಬರೆದುಕೊಳ್ಳಿ. ಹೆಸರಿನ ಮುಂದೆ ಹಿಂದೆ ಏನಾದರೂ ಅಂಟಿಕೊಂಡಿದೆಯೇ ಎಂದೂ ವಿಚಾರಿಸಿ. ಬೆಳಗಾವಿ ಕಡೆ ಊರಿನ ಹೆಸರಿನ ಕೊನೆಗೆ ಬರುವ ಬಿ.ಕೆ. ಎಂದರೆ ಬುದ್ರುಕ್, ಅಂದರೆ ಹಿರಿಯ ಊರು, ಕೆ.ಎಚ್. ಎಂದರೆ ಖುರ್ದ್, ಕಿರಿಯ ಊರು. ಈ ಬಾಲ ಬಿಟ್ಟು ಹುಡುಕಿದರೆ ಜೋಡಿ ಊರುಗಳಲ್ಲಿ ತಪ್ಪಿದ್ದಕ್ಕೇ ಹೋಗುವ ಸಂಭವ ಅರ್ಧಕ್ಕರ್ಧ.

ಊರಿನ ವಿವರ ಹಳೆಯ ಕಾಗದದಿಂದ ಬಂದಿದ್ದರೆ ಜಿಲ್ಲೆಯ ಹೆಸರನ್ನೇ ಅನುಮಾನಿಸಿ. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು, ರಾಯಚೂರಿನಿಂದ ಕೊಪ್ಪಳ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬಂತು. ತಾತನ ಪತ್ರದಲ್ಲಿ ‘ಧಾರವಾಡ ಜಿಲ್ಲೆ’ ಎಂದಿರುವ ಊರು ಇವತ್ತು ಹಾವೇರಿಯದಾಗಿರಬಹುದು. ಅದೇ ಹೆಸರಿನ ಬೇರೆ ಊರು ಈಗಲೂ ಧಾರವಾಡದಲ್ಲೇ ಇದ್ದರೆ ಮ್ಯಾಪು ನಿಮ್ಮನ್ನು ನೇರ ಅಲ್ಲಿಗೆ ಕರೆದೊಯ್ಯುತ್ತದೆ.

ಪಿನ್ ಕೋಡ್ ಎಷ್ಟು ನಂಬಬಹುದು

ಮೊದಲ ಮೂರು ಅಂಕಿ ನೋಡಿದರೆ ಸೀಮೆ ತಿಳಿಯುತ್ತದೆ. ಚಿಕ್ಕಮಗಳೂರಿನ ಕೊಪ್ಪ 577126. ಆ 577 ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು ಸೀಮೆಯದು. ಹೀಗೆ ಮಲೆನಾಡಿನ ಕೊಪ್ಪ ಉಳಿದವುಗಳಿಂದ ಬೇರೆಯಾಯಿತು. ಆದರೆ ಮದ್ದೂರಿನದೂ ಪಿರಿಯಾಪಟ್ಟಣದ್ದೂ 571ರಿಂದಲೇ ಶುರುವಾಗುತ್ತವೆ. ಅಲ್ಲಿ ಕೊನೆಯ ಮೂರು ಅಂಕಿ ನೋಡದೆ ಗತ್ಯಂತರವಿಲ್ಲ. ಇನ್ನೊಂದು ತೊಡಕೂ ಇದೆ. ಪಿನ್ ಊರಿನದಲ್ಲ, ಅಂಚೆ ಬಟವಾಡೆಯದು. ಒಂದು ಸಂಖ್ಯೆಯಡಿ ಹತ್ತಾರು ಹಳ್ಳಿ ಇರುತ್ತವೆ. ಪಿನ್ ಹಾಕಿ ಹೊರಟರೆ ಮುಟ್ಟುವುದು ಆ ಹಳ್ಳಿಗಳ ನಡುವಿನ ಎಲ್ಲೋ ಒಂದು ಜಾಗ. ತಪ್ಪು ಊರನ್ನು ತಳ್ಳಿಹಾಕಲು ಪಿನ್ ಬಳಸಿ, ಮನೆ ಹುಡುಕಲು ಬೇಡ.

ಮ್ಯಾಪಿನಲ್ಲಿ ಒತ್ತುವುದು ಹೀಗೆ

ಬರೀ ಊರಿನ ಹೆಸರು ಒತ್ತಿದರೆ ಮ್ಯಾಪು ಸಾಮಾನ್ಯವಾಗಿ ಹೆಸರುವಾಸಿಯಾದದ್ದನ್ನೋ ಹತ್ತಿರದ್ದನ್ನೋ ಮೇಲಿಡುತ್ತದೆ. ಇಂಗ್ಲಿಷಿನಲ್ಲಿ ಒತ್ತಿದರಂತೂ ಕೊಪ್ಪ, ಕೊಪ್ಪಳ ಅಕ್ಕಪಕ್ಕ ಬಂದು ಕೂರುತ್ತವೆ. ಅದಕ್ಕೇ ತಾಲ್ಲೂಕು, ಜಿಲ್ಲೆ ಸೇರಿಸಿ:

```
Koppa, Maddur, Mandya
```

ಉತ್ತರ ಬಂದ ಕೂಡಲೇ ಹೊರಡಬೇಡಿ. ಬೆರಳಲ್ಲಿ ಮ್ಯಾಪನ್ನು ಸ್ವಲ್ಪ ಕುಗ್ಗಿಸಿ ಸುತ್ತಲಿನ ಊರು ಓದಿ. ಬೈಲಕುಪ್ಪೆ, ಕುಶಾಲನಗರ ಕಂಡರೆ ಅದು ಪಿರಿಯಾಪಟ್ಟಣದ್ದು. ಹರಿಹರಪುರ, ಶೃಂಗೇರಿ ಕಂಡರೆ ಮಲೆನಾಡಿನದು. ಬರೆದುಕೊಂಡ ಪಕ್ಕದೂರುಗಳು ಕೆಲಸಕ್ಕೆ ಬರುವುದು ಇಲ್ಲೇ. ಆಮೇಲೆ ಪ್ರಯಾಣದ ಹೊತ್ತು ನೋಡಿ. ‘ಎರಡು ಎರಡೂವರೆ ಗಂಟೆ ದಾರಿ’ ಎಂದು ಭಾಮೈದ ಹೇಳಿದ್ದ. ಮ್ಯಾಪು ಆರು ಗಂಟೆ ಮೀರಿ ತೋರಿಸುತ್ತಿತ್ತು. ದಾರಿ ರಿಪೇರಿ ಇರಬೇಕು ಎಂದುಕೊಂಡದ್ದು ನನ್ನ ಜಾಣತನ.

ಲೊಕೇಶನ್ ಕಳಿಸಿ ಎನ್ನುವ ಮೊದಲು

ಎಲ್ಲಕ್ಕಿಂತ ಸುಲಭ ಇದು, ಆದರೆ ಕಳಿಸುವವರು ಎಲ್ಲಿದ್ದಾರೆ ಎಂಬುದು ಮುಖ್ಯ. ವಾಟ್ಸ್‌ಆ್ಯಪಿನಲ್ಲಿ ಈಗಿರುವ ಜಾಗವನ್ನು ಕಳಿಸಿದರೆ, ಬೆಂಗಳೂರಿನಲ್ಲಿ ಕೂತು ಕಳಿಸಿದವರ ಊರೂ ಬೆಂಗಳೂರೇ ಆಗಿಬಿಡುತ್ತದೆ. ‘ಮನೆ ಅಂಗಳದಲ್ಲಿ ನಿಂತು ಕಳಿಸಿ’ ಎನ್ನಿ. ಇಲ್ಲವಾದರೆ ಮ್ಯಾಪಿನಲ್ಲಿ ಮನೆ ಗುರುತಿಸಿ ಅಲ್ಲಿ ಬೆರಳು ಒತ್ತಿ ಹಿಡಿಯಲಿ, ಗುರುತು ಬೀಳುತ್ತದೆ, ಅಕ್ಷಾಂಶ ರೇಖಾಂಶವೂ ಸಿಗುತ್ತದೆ. ಅಂಕಿಗಳನ್ನು ಫೋನಿನಲ್ಲಿ ಹೇಳಿ ಬರೆಸಿಕೊಳ್ಳುವುದಾದರೆ ಅಕ್ಷಾಂಶ ಮೊದಲು. ನಮ್ಮ ರಾಜ್ಯದಲ್ಲಿ ಮೊದಲ ಸಂಖ್ಯೆ 11ರಿಂದ 19ರೊಳಗೆ, ಎರಡನೆಯದು 74ರಿಂದ 79ರೊಳಗೆ ಇರಬೇಕು. ತಿರುಗುಮುರುಗಾದರೆ ಕೊಪ್ಪದ ಬದಲು ನಾರ್ವೆಯ ಆಚೆ ಹಿಮದ ಕಡಲಿಗೆ ದಾರಿ ಕೇಳಿದಂತೆ.

ಹೋಗುತ್ತಿರುವುದು ಜಮೀನು ನೋಡಲಿಕ್ಕಾದರೆ ಇಷ್ಟಕ್ಕೇ ನಿಲ್ಲಬೇಡಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಜಮೀನಿನ ಮೇಲೆ ನಿಂತರೆ ಸರ್ವೆ ನಂಬರಿನ ಜೊತೆ ಗ್ರಾಮ, ಹೋಬಳಿ, ತಾಲ್ಲೂಕು ತೋರಿಸುತ್ತದೆ. ಪಹಣಿಯಲ್ಲಿರುವ ನಾಲ್ಕೂ ಅದಕ್ಕೆ ಹೊಂದಬೇಕು. ಗ್ರಾಮ, ಸರ್ವೆ ನಂಬರು ಹೊಂದಿ ಹೋಬಳಿ ಬೇರೆ ಬಂದರೆ ನೀವು ನಿಂತಿರುವುದು ಹೆಸರಿನ ನೆಂಟನ ಊರಿನಲ್ಲಿ. ಒಂದು ಮಿತಿ ಹೇಳಿಬಿಡುತ್ತೇನೆ: ಕಂದಾಯ ಗ್ರಾಮಕ್ಕೆ ಸೇರಿದ ಮಜರೆ, ಹಟ್ಟಿ, ತಾಂಡಾಗಳ ಹೆಸರು ಎಷ್ಟೋ ಕಡೆ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಊರು ಸಿಗದಿದ್ದರೆ ಅದು ಯಾವ ಗ್ರಾಮದ ಮಜರೆ ಎಂದು ಊರವರನ್ನೇ ಕೇಳಬೇಕು.

ದಾರಿಯಲ್ಲಿ ಸಂಶಯ ಬಂದರೆ

ಎದುರು ಬರುವ ಆಟೊ, ಬೈಕುಗಳ ನಂಬರ್ ಪ್ಲೇಟು ನೋಡಿ. ಒಂದೆರಡು ಗಾಡಿ ಎಲ್ಲಿಂದಲೋ ಬಂದಿರಬಹುದು, ಆದರೆ ಸಾಲಾಗಿ ಕೆಎ 11 ಕಂಡರೆ ಮಂಡ್ಯ, ಕೆಎ 18 ಕಂಡರೆ ಚಿಕ್ಕಮಗಳೂರು, ಕೆಎ 45 ಎಂದರೆ ಹುಣಸೂರು ಸೀಮೆ, ಅಂದರೆ ಪಿರಿಯಾಪಟ್ಟಣದ ಕಡೆ. ಊರೊಳಗೆ ಸರ್ಕಾರಿ ಶಾಲೆಯ ಬೋರ್ಡು ಹುಡುಕಿ, ಊರಿನ ಹೆಸರಿನ ಜೊತೆ ತಾಲ್ಲೂಕು, ಜಿಲ್ಲೆಯನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ. ಜನರನ್ನು ಕೇಳುವಾಗ ‘ಇದು ಕೊಪ್ಪನಾ?’ ಎನ್ನಬೇಡಿ, ನಾಲ್ಕು ಕೊಪ್ಪದಲ್ಲೂ ‘ಹೌದು’ ಎಂದೇ ಹೇಳುತ್ತಾರೆ. ‘ಇದು ಯಾವ ತಾಲ್ಲೂಕಿಗೆ ಸೇರುತ್ತೆ ಅಣ್ಣ?’ ಎಂದು ಕೇಳಿ. ಬಸ್ಸಿನಲ್ಲಾದರೂ ಅಷ್ಟೇ, ಬೋರ್ಡು ನೋಡಿ ಹತ್ತಿದರೂ ಟಿಕೆಟ್ ತೆಗೆದುಕೊಳ್ಳುವಾಗ ‘ಮದ್ದೂರು ಕೊಪ್ಪ’ ಎಂದು ಜೋಡಿಸಿಯೇ ಹೇಳಿ. ತಪ್ಪು ಬಸ್ಸಾಗಿದ್ದರೆ ಮುಂದಿನ ಸ್ಟಾಪಿನಲ್ಲೇ ಕಂಡಕ್ಟರ್ ಇಳಿಸುತ್ತಾರೆ.