ಮಗುವಿನ ಕಣ್ಣಲ್ಲಿ ನೀರು, ಗೀಜು: ನಾನು ಮಸಾಜ್ ಮಾಡಿದ ರೀತಿ

ನನ್ನ ಮಗನಿಗೆ ಮೂರು ವಾರ ತುಂಬುವ ಹೊತ್ತಿಗೆ ಎಡಗಣ್ಣಲ್ಲಿ ಸದಾ ನೀರು ನಿಲ್ಲೋಕೆ ಶುರುವಾಯಿತು. ಅಳದಿದ್ದರೂ ಕೆನ್ನೆ ಒದ್ದೆ. ನಿದ್ದೆಯಿಂದ ಎದ್ದರೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿರುತ್ತಿದ್ದವು. ಆದರೆ ಒರೆಸಿ ನೋಡಿದರೆ ಕಣ್ಣಿನ ಬಿಳಿ ಭಾಗ ಬೆಳ್ಳಗೇ ಇತ್ತು, ರೆಪ್ಪೆ ಊದಿರಲಿಲ್ಲ, ಹಾಲು ಕುಡಿಯೋದೂ ಚೆನ್ನಾಗಿತ್ತು.

ಕಲಬುರಗಿಯ ಕಣ್ಣಿನ ಡಾಕ್ಟರ್ ಮೊದಲು ಟಾರ್ಚ್ ಹಿಡಿದು ಕರಿಗುಡ್ಡೆ ನೋಡಿದರು. ಕರಿಗುಡ್ಡೆ ಮಬ್ಬಾಗಿದ್ದರೆ, ದೊಡ್ಡದಾಗಿ ಕಂಡರೆ ಅಥವಾ ಮಗು ಬೆಳಕಿಗೆ ಕಣ್ಣು ಬಿಡದಿದ್ದರೆ ಅದು ಕಣ್ಣಿನ ಒತ್ತಡದ ಕಾಯಿಲೆ ಇರಬಹುದು, ಕಾಯುವ ಹಾಗಿಲ್ಲ ಅಂದರು. ಆಮೇಲೆ ಎರಡೂ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿದರು. ಐದು ನಿಮಿಷಕ್ಕೆ ಬಲಗಣ್ಣು ಹೆಚ್ಚುಕಡಿಮೆ ತಿಳಿಯಾಯಿತು. ಎಡಗಣ್ಣಲ್ಲಿ ಬಣ್ಣ ಹಾಗೇ ನಿಂತಿತ್ತು. ಕಣ್ಣೀರು ಮೂಗಿಗೆ ಇಳಿಯುವ ನಾಳದ ಕೆಳತುದಿಯಲ್ಲಿ ಹುಟ್ಟುವ ಹೊತ್ತಿಗೆ ತೆರೆದುಕೊಳ್ಳಬೇಕಾದ ತೆಳು ಪೊರೆ ಇನ್ನೂ ಮುಚ್ಚಿಕೊಂಡಿದೆ, ಅಷ್ಟೇ.

ಮಸಾಜ್ ಅಂದರೆ ನಾನು ಎಣ್ಣೆ ಹಚ್ಚಿ ತಿಕ್ಕೋದು ಅಂದುಕೊಂಡಿದ್ದೆ. "ಚರ್ಮ ತಿಕ್ಕಬ್ಯಾಡ್ರಿ, ಒತ್ತಿ ಹಿಡ್ದು ಕೆಳಗ ಜಾರಸ್ರಿ" ಅಂತ ನನ್ನ ಬೆರಳು ಹಿಡಿದೇ ತೋರಿಸಿದರು. ಕಣ್ಣಿನ ಒಳಮೂಲೆ ಮತ್ತು ಮೂಗಿನ ನಡುವೆ, ಮೂಳೆಯ ಮೇಲೆ ಕಣ್ಣೀರಿನ ಪುಟ್ಟ ಚೀಲ ಇರುತ್ತದೆ. ಅದನ್ನು ಒತ್ತಿದಾಗ ಒಳಗಿನ ನೀರು ಕೆಳಗೆ ನುಗ್ಗಿ ಪೊರೆಯನ್ನು ತಳ್ಳಬೇಕು. ಟೂತ್‌ಪೇಸ್ಟ್ ಟ್ಯೂಬನ್ನು ಮೇಲಿಂದ ಒತ್ತಿ ತರುತ್ತೇವಲ್ಲ, ಹಾಗೆ.

ನಾನು ಮಾಡುತ್ತಿದ್ದುದು ಹೀಗೆ. ಉಗುರು ಕತ್ತರಿಸಿ, ಸೋಪು ಹಚ್ಚಿ ಕೈ ತೊಳೆದು, ಮಗು ಹಾಲು ಕುಡಿಯುತ್ತಾ ಮಂಪರಿಗೆ ಜಾರುವ ಹೊತ್ತನ್ನು ಕಾಯುತ್ತಿದ್ದೆ. ಎಚ್ಚರ ಇದ್ದರೆ ತಲೆ ಅತ್ತಿತ್ತ ಆಡಿಸಿ ಬೆರಳು ಗುಡ್ಡೆಯ ಮೇಲೆ ಜಾರುವ ಭಯ. ಕಿರುಬೆರಳನ್ನು ಆ ಜಾಗದಲ್ಲಿಟ್ಟು, ಉಗುರಿನ ತುದಿ ತುಸು ಬಿಳಿಚುವಷ್ಟು ಒತ್ತಿ, ಒಂದೆರಡು ಸೆಕೆಂಡ್ ಹಿಡಿದು, ಮೂಗಿನ ಹೊಳ್ಳೆಯ ಕಡೆಗೆ ನಿಧಾನವಾಗಿ ಜಾರಿಸುತ್ತಿದ್ದೆ. ಒಂದು ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ನಾಲ್ಕು ಸಲ. ಒತ್ತಿದಾಗ ಕೆಲವೊಮ್ಮೆ ಒಳಮೂಲೆಯಲ್ಲಿ ಗೋಂದಿನಂಥ ಒಂದು ಹನಿ ಮೇಲಕ್ಕೆ ಉಕ್ಕುತ್ತಿತ್ತು. ಹೆದರಬೇಕಿಲ್ಲ. ಬೆರಳು ಸರಿಯಾದ ಜಾಗದಲ್ಲಿದೆ, ಚೀಲ ಖಾಲಿಯಾಗುತ್ತಿದೆ ಅಂತ ಅದರ ಅರ್ಥ.

ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒಳಮೂಲೆಯಿಂದ ಹೊರಕ್ಕೆ ಒರೆಸೋದು. ಒಂದು ಹತ್ತಿ ಒಂದೇ ಸಲಕ್ಕೆ. ಒಣಗಿದ ಗೀಜನ್ನು ಕೀಳುತ್ತಿರಲಿಲ್ಲ, ಒದ್ದೆ ಹತ್ತಿ ಇಟ್ಟು ನೆನೆಸುತ್ತಿದ್ದೆ.

ಅತ್ತೆ "ಎರಡು ಹನಿ ಎದಿಹಾಲು ಹಾಕು, ಹೋಗ್ತದ" ಅಂತಿದ್ದರು, ಕಾಡಿಗೆ ಬೇರೆ. ಹಾಲು ಒಣಗಿದರೆ ಅದೂ ಅಂಟೇ ಅಲ್ವಾ? ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಕೊನೆಗೆ ದೃಷ್ಟಿಬೊಟ್ಟು ಅಂಗಾಲಿಗೆ ಅಂತ ಒಪ್ಪಂದವಾಯಿತು.

ಚಳಿಗಾಲದಲ್ಲಿ ನೆಗಡಿ ಬಂದಾಗ ಮೂಗಿನೊಳಗೆ ಊದಿ ನೀರು ಜಾಸ್ತಿಯಾಯಿತು. ಅದೇ ಸಮಯಕ್ಕೆ ಗೀಜು ಹಸಿರು-ಹಳದಿಯಾಗಿ, ಒರೆಸಿದ ಸ್ವಲ್ಪ ಹೊತ್ತಿಗೇ ಮತ್ತೆ ತುಂಬಿತು. ಬಿಳಿ ಭಾಗ ಕೆಂಪಡರಿತು. ಇದು ಸೋಂಕು. ಡಾಕ್ಟರ್ ಆಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟರು. ಮಸಾಜ್ ಮಾಡಿ, ಒರೆಸಿ, ಕೊನೆಗೆ ಹನಿ ಹಾಕೋದು. ಮೊದಲೇ ಹಾಕಿದರೆ ಔಷಧಿ ಹತ್ತಿಗೆ ಹೋಗುತ್ತದೆ. ಕೆಂಪು ಇಳಿಯಿತು, ನೀರು ಮಾತ್ರ ಹಾಗೇ ಉಳಿಯಿತು. ಡ್ರಾಪ್ಸ್ ಸೋಂಕನ್ನು ಕಳೆಯುತ್ತದೆ, ನಾಳ ತೆರೆಯುವುದಿಲ್ಲ. ಹಾಗಾಗಿ ಹಳೇ ಬಾಟಲಿಯನ್ನೇ ತಿಂಗಳುಗಟ್ಟಲೆ ಹಾಕುತ್ತಾ ಕೂರೋದರಲ್ಲಿ ಅರ್ಥವಿಲ್ಲ.

ಇನ್ನೊಂದು ಬೇರೆಯೇ ಮಟ್ಟದ ಸೋಂಕು. ಒಳಮೂಲೆಯ ಕೆಳಗೆ ಕೆಂಪಗೆ ಗಂಟು ಎದ್ದು, ಮುಟ್ಟಿದರೆ ಬಿಸಿ, ಮಗು ಚೀರುವುದು, ಜ್ವರ. ಚೀಲವೇ ಕೀವು ತುಂಬಿಕೊಂಡಿದೆ ಅಂತ ಅರ್ಥ. ಆಗ ಮಸಾಜ್ ನಿಲ್ಲಿಸಿ, ಗಂಟನ್ನು ಒತ್ತದೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ರೆಪ್ಪೆ ಊದಿ ಕಣ್ಣು ಮುಚ್ಚಿಕೊಂಡರೂ ಅಷ್ಟೇ. ಹುಟ್ಟಿದ ಮೊದಲ ತಿಂಗಳಲ್ಲಿ ಕಣ್ಣು ಕೆಂಪಾಗಿ ಕೀವು ಸುರಿದರೆ ಅದನ್ನು ನಾಳದ ತೊಂದರೆ ಅಂದುಕೊಂಡು ಮನೆಯಲ್ಲಿ ಕೂರಬಾರದು. ಹೆರಿಗೆಯಲ್ಲಿ ತಾಯಿಯಿಂದ ಬಂದ ಸೋಂಕಿದ್ದರೆ ಅದು ದೃಷ್ಟಿಗೇ ಕುತ್ತು.

ನನ್ನ ಮಗನಿಗೆ ಒಂಬತ್ತನೇ ತಿಂಗಳ ಹೊತ್ತಿಗೆ ಕೆನ್ನೆ ಒಣಗತೊಡಗಿತು. ಮೊದಲು ಬೆಳಗಿನ ಗೀಜು ನಿಂತಿತು, ನಂತರ ನೀರು. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷದೊಳಗೆ ಹೀಗೇ ಸರಿಹೋಗುತ್ತದೆ. ನನ್ನ ಅಕ್ಕನ ಮಗಳಿಗೆ ವರ್ಷ ದಾಟಿದರೂ ಹೋಗಲಿಲ್ಲ. ಅವಳಿಗೆ ಅರಿವಳಿಕೆ ಕೊಟ್ಟು, ತೆಳುವಾದ ಕಡ್ಡಿಯನ್ನು ನಾಳದಲ್ಲಿ ಇಳಿಸಿ ಪೊರೆ ಬಿಡಿಸಿದರು. ಕೆಲವೇ ನಿಮಿಷದ ಕೆಲಸ, ಸಂಜೆಗೆ ಮನೆಗೆ ಬಂದಳು.