ಲೀಡ್ ಬಂದಿದ್ದು ಎಷ್ಟೊತ್ತಿಗೆ, ಫೋನ್ ಹೋಗಿದ್ದು ಎಷ್ಟೊತ್ತಿಗೆ?

ಮಾಡ್ಯುಲರ್ ಕಿಚನ್ ಮಾಡಿಕೊಡುವ ಅಂಗಡಿಯೊಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುತ್ತದೆ ಎಂದುಕೊಳ್ಳಿ. ನೋಡಿದವರು ಹೆಸರು, ನಂಬರ್ ತುಂಬುತ್ತಾರೆ. ಅದೇ ಲೀಡ್. ತಿಂಗಳ ಕೊನೆಗೆ ಆರ್ಡರ್ ಕಡಿಮೆಯಾದರೆ ಮಾತು ಶುರು. ‘ಬರೋದೆಲ್ಲ ವೇಸ್ಟ್ ಲೀಡು, ಯಾರೂ ಫೋನೇ ಎತ್ತಲ್ಲ ಸಾರ್’ ಎಂದು ಸೇಲ್ಸ್‌ನವರು ಹೇಳುತ್ತಾರೆ. ‘ಬಂದ ತಕ್ಷಣ ನೀವು ಫೋನ್ ಮಾಡಲ್ಲ’ ಎಂದು ಜಾಹೀರಾತು ನೋಡಿಕೊಳ್ಳುವವರು ಹೇಳುತ್ತಾರೆ. ಯಾರ ಮಾತು ಎಷ್ಟು ನಿಜ ಎಂದು ಎರಡು ಪಟ್ಟಿ ಜೋಡಿಸಿದರೆ ತಿಳಿಯುತ್ತದೆ.

ಮೊದಲು ಎರಡು ಪಟ್ಟಿ

ಒಂದು, ಲೀಡ್‌ಗಳ ಪಟ್ಟಿ. ಇದನ್ನು ಫೇಸ್‌ಬುಕ್‌ನಿಂದ ಡೌನ್‌ಲೋಡ್ ಮಾಡಬಹುದು, ಆದರೆ ಲೀಡ್ ಬಂದ 90 ದಿನದೊಳಗೆ ಮಾತ್ರ. ಹಾಗಾಗಿ ವಾರಕ್ಕೊಮ್ಮೆ ಇಳಿಸಿಟ್ಟುಕೊಳ್ಳಿ. ಇನ್ನೊಂದು, ಸೇಲ್ಸ್‌ನವರ ಫೋನ್‌ನ ಕರೆ ಪಟ್ಟಿ. ಯಾವ ನಂಬರ್‌ಗೆ, ಯಾವ ದಿನ, ಎಷ್ಟು ಗಂಟೆಗೆ ಕರೆ ಹೋಯಿತು ಎಂಬುದು ಅದರಲ್ಲಿರಬೇಕು. ನೆನಪಿನಿಂದ ಬರೆದ ಸಮಯ ಬೇಡ. ಸಂಜೆ ಕೂತು ತುಂಬಿದ ರಿಜಿಸ್ಟರ್‌ನಲ್ಲಿ ಎಲ್ಲ ಕರೆಗಳೂ ಬೇಗನೇ ಹೋದಂತೆ ಕಾಣುತ್ತವೆ.

ಎರಡನ್ನೂ ಜೋಡಿಸುವ ಕೊಂಡಿ ಫೋನ್ ನಂಬರ್. ಒಂದು ಕಡೆ ಅದು `p:+91` ಎಂದು ಶುರುವಾಗಿದ್ದರೆ ಇನ್ನೊಂದು ಕಡೆ ಸೊನ್ನೆಯಿಂದ ಶುರುವಾಗಿರುತ್ತದೆ. ಗೂಗಲ್ ಶೀಟ್‌ನಲ್ಲಿ ಕೊನೆಯ 10 ಅಂಕಿ ಮಾತ್ರ ಉಳಿಸಿಕೊಳ್ಳಿ. ನಂಬರ್ D ಕಾಲಮ್ಮಿನಲ್ಲಿದ್ದರೆ ಸೂತ್ರ ಹೀಗೆ:

```
=RIGHT(REGEXREPLACE(TO_TEXT(D2),"[^0-9]",""),10)
```

ಆಮೇಲೆ ಸಮಯ. ಲೀಡ್ ಪಟ್ಟಿಯ `created_time` ಕಾಲಮ್ಮಿನ ಕೊನೆಯಲ್ಲಿ `+05:30` ಇದ್ದರೆ ಅದು ನಮ್ಮ ಸಮಯ. `-05:00` ಇದ್ದರೆ 10 ಗಂಟೆ 30 ನಿಮಿಷ ಕೂಡಿಸಬೇಕು. ಇದನ್ನು ಮರೆತರೆ ಪ್ರತಿ ಲೀಡ್‌ಗೂ ಹತ್ತೂವರೆ ಗಂಟೆ ತಡವಾದಂತೆ ಲೆಕ್ಕ ಬರುತ್ತದೆ, ಸೇಲ್ಸ್ ಹುಡುಗರಿಗೆ ಸುಮ್ನೆ ಬೈಗುಳ. ಹತ್ತು ಲೀಡ್ ಆರಿಸಿ, ಎರಡೂ ಸಮಯವನ್ನು ಕಣ್ಣಿಂದ ನೋಡಿ ತಾಳೆ ಮಾಡಿ. ಆಮೇಲೆ ಮುಂದಕ್ಕೆ ಹೋಗಿ.

ಯಾವ ಕರೆಯಿಂದ ಲೆಕ್ಕ?

ಜಾಸ್ತಿ ತಪ್ಪಾಗುವುದು ಇಲ್ಲೇ. ಲೀಡ್ ಬಂದ ಮೇಲೆ ಮೊದಲು ಮಾಡಿದ ಕರೆಯ ಸಮಯ ಬೇಕು, ಆ ಕರೆಯನ್ನು ಅವರು ಎತ್ತಲಿ ಬಿಡಲಿ. ಮೊದಲು ಮಾತಾಡಿದ ಸಮಯ ತೆಗೆದುಕೊಂಡರೆ, ಫೋನ್ ಎತ್ತದವರೆಲ್ಲ ಲೆಕ್ಕದಿಂದಲೇ ಜಾರಿಹೋಗುತ್ತಾರೆ. ತಡ ಮಾಡಿದ್ದಕ್ಕೇ ಎತ್ತದವರೂ ಅದರಲ್ಲಿ ಇರುತ್ತಾರಲ್ವಾ? ತಾನಾಗಿ ಹೋಗುವ ವಾಟ್ಸಾಪ್ ಸಂದೇಶವನ್ನೂ ಕರೆ ಎಂದು ಎಣಿಸಬೇಡಿ.

ಯಾರೂ ಕರೆ ಮಾಡದ ಲೀಡ್‌ಗಳನ್ನು ಅಳಿಸಬೇಡಿ. ಅವಕ್ಕೊಂದು ಬೇರೆ ಸಾಲು ಕೊಡಿ. ‘ರಾಂಗ್ ನಂಬರ್’ ಎಂದು ಗುರುತಾದವನ್ನೂ ತೆಗೆಯಬೇಡಿ. ಕರೆ ಮಾಡಿದರೆ ತಾನೆ ರಾಂಗ್ ನಂಬರ್ ಎಂದು ತಿಳಿಯುವುದು? ಕರೆ ಹೋದ ಗುಂಪಿನಿಂದ ಅವನ್ನು ತೆಗೆದು, ಹೋಗದ ಗುಂಪಿನಲ್ಲಿ ಹಾಗೇ ಬಿಟ್ಟರೆ ಹೋಲಿಕೆ ಕೆಡುತ್ತದೆ. ಒಬ್ಬರೇ ಎರಡು ಸಲ ಫಾರ್ಮ್ ತುಂಬಿದ್ದರೆ ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳಿ.

ಇನ್ನು ಫಲಿತಾಂಶ. ಕಿಚನ್ ಆರ್ಡರ್ ಒಂದೇ ದಿನಕ್ಕೆ ಆಗುವುದಿಲ್ಲ. 45 ದಿನ ಎಂದು ಗಡುವು ಇಟ್ಟುಕೊಂಡರೆ, 45 ದಿನ ತುಂಬಿದ ಲೀಡ್‌ಗಳನ್ನಷ್ಟೇ ಎಣಿಸಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಫೋನ್ ಎತ್ತಿದರಾ, ಅಳತೆಗೆ ಮನೆಗೆ ಕರೆದರಾ, ಆರ್ಡರ್ ಕೊಟ್ಟರಾ. ನಡುವಿನ ಎರಡು ಮೆಟ್ಟಿಲು ಯಾಕೆ ಬೇಕು ಎಂದು ಮುಂದೆ ಗೊತ್ತಾಗುತ್ತದೆ.

ಲೆಕ್ಕ ಮಾಡೋಣ

ಕೆಳಗಿನ ಅಂಕಿಗಳು ಅರ್ಥವಾಗಲಿ ಎಂದು ನಾನೇ ಹಾಕಿದ ಉದಾಹರಣೆ. ಒಟ್ಟು 400 ಲೀಡ್, 21 ಆರ್ಡರ್.

| ಮೊದಲ ಕರೆ | ಲೀಡ್ | ಆರ್ಡರ್ | ಶೇಕಡಾ |
|---|---|---|---|
| 15 ನಿಮಿಷದೊಳಗೆ | 80 | 8 | 10 |
| 15 ನಿಮಿಷ – 2 ಗಂಟೆ | 110 | 7 | 6.4 |
| 2 – 24 ಗಂಟೆ | 130 | 5 | 3.8 |
| ಒಂದು ದಿನದ ಮೇಲೆ | 50 | 1 | 2 |
| ಕರೆಯೇ ಇಲ್ಲ | 30 | 0 | 0 |

ಸರಾಸರಿ ತಡ ಎಷ್ಟು ಎಂದು ಒಂದೇ ಅಂಕಿ ತೆಗೆಯದೆ ಹೀಗೆ ಗುಂಪು ಮಾಡುವುದಕ್ಕೆ ಕಾರಣ ಇದೆ. ಐದು ದಿನ ಮರೆತುಹೋದ ನಾಲ್ಕೇ ಲೀಡ್ ಇದ್ದರೂ ಸರಾಸರಿ ಮೇಲಕ್ಕೆ ಹಾರಿಬಿಡುತ್ತದೆ.

ಪಟ್ಟಿ ನೋಡಿದ ತಕ್ಷಣ ‘ಎಲ್ಲರಿಗೂ 15 ನಿಮಿಷದಲ್ಲಿ ಕರೆ ಮಾಡಿದರೆ 40 ಆರ್ಡರ್’ ಎನಿಸುತ್ತದೆ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. 2ರಿಂದ 24 ಗಂಟೆಯ ಗುಂಪಿನಲ್ಲಿ ಯಾರಿದ್ದಾರೆ ನೋಡಿ. ರಾತ್ರಿ 11ಕ್ಕೆ ಹಾಸಿಗೆಯಲ್ಲಿ ಮಲಗಿ ಫೋನ್ ನೋಡುತ್ತಾ ಫಾರ್ಮ್ ತುಂಬಿದವರೇ ಜಾಸ್ತಿ. ಅವರಿಗೆ ಅಂಗಡಿ ತೆರೆದ ಮೇಲೆ ತಾನೆ ಕರೆ ಹೋಗುವುದು. ಅವರು ಕೊಳ್ಳದೇ ಇದ್ದುದಕ್ಕೆ ತಡವೇ ಕಾರಣವೋ, ಮೊದಲಿಂದಲೂ ಅವರಿಗೆ ಆಸಕ್ತಿ ಕಡಿಮೆ ಇತ್ತೋ?

ಹಾಗಾಗಿ ಬೆಳಿಗ್ಗೆ 10ರಿಂದ ಸಂಜೆ 7ರೊಳಗೆ ಬಂದ ಲೀಡ್‌ಗಳನ್ನು ಮಾತ್ರ ತೆಗೆದು, ಅದೇ ಲೆಕ್ಕ ಮತ್ತೆ ಮಾಡಿ. ನಮ್ಮ ಉದಾಹರಣೆಯಲ್ಲಿ 15 ನಿಮಿಷದೊಳಗೆ ಕರೆ ಹೋದವರು 76, ಆರ್ಡರ್ 7. ಅಂದರೆ ಶೇ 9.2. ಎರಡು ಗಂಟೆ ದಾಟಿ, ದಿನದೊಳಗೆ ಕರೆ ಹೋದವರು 40, ಆರ್ಡರ್ 2. ಅಂದರೆ ಶೇ 5. ಅಂತರ ಇನ್ನೂ ಇದೆ, ಆದರೆ ಕಡಿಮೆಯಾಯಿತು. ಕಳೆದುಹೋದ ಅಂತರ ತಡದ್ದಲ್ಲ, ರಾತ್ರಿಯದ್ದು. ಬೇರೆ ಬೇರೆ ಜಾಹೀರಾತು ಓಡುತ್ತಿದ್ದರೆ ಅವನ್ನೂ ಹೀಗೇ ಬೇರೆ ಮಾಡಿ ನೋಡಬೇಕು.

ಎರಡು ಆರ್ಡರ್ ಮೇಲೆ ತೀರ್ಮಾನ ಮಾಡುವುದೂ ಕಷ್ಟ. ಇನ್ನೊಂದು ಬಂದಿದ್ದರೆ ಶೇ 5 ಇದ್ದದ್ದು 7.5 ಆಗುತ್ತಿತ್ತು. ಆಗ ನಡುವಿನ ಮೆಟ್ಟಿಲು ಕೈಹಿಡಿಯುತ್ತದೆ. ಬೇಗ ಕರೆ ಹೋದ 76 ಜನರಲ್ಲಿ ಫೋನ್ ಎತ್ತಿದವರು 53, ಅಳತೆಗೆ ಕರೆದವರು 23. ತಡವಾಗಿ ಕರೆ ಹೋದ 40 ಜನರಲ್ಲಿ ಎತ್ತಿದವರು 20, ಅಳತೆಗೆ ಕರೆದವರು 8.

ಈಗ ನಿಧಾನವಾಗಿ ನೋಡಿ. ಫೋನ್ ಎತ್ತಿದವರಲ್ಲಿ ಅಳತೆಗೆ ಕರೆದವರು ಬೇಗದ ಗುಂಪಿನಲ್ಲಿ ಶೇ 43, ತಡದ ಗುಂಪಿನಲ್ಲಿ ಶೇ 40. ಹೆಚ್ಚುಕಮ್ಮಿ ಒಂದೇ. ಆದರೆ ಫೋನ್ ಎತ್ತಿದ್ದು ಶೇ 70 ಮತ್ತು ಶೇ 50. ನಷ್ಟ ಆಗಿದ್ದು ಮಾತಿನಲ್ಲಿ ಅಲ್ಲ, ಮಾತು ಶುರುವಾಗುವ ಮೊದಲೇ. ಈ ಅಂಗಡಿಯವರು ಸೇಲ್ಸ್‌ನವರಿಗೆ ಮಾತಿನ ತರಬೇತಿ ಕೊಡಿಸಿದರೆ ಈ ನಷ್ಟ ತುಂಬುವುದಿಲ್ಲ. ಲೀಡ್ ಬಂದಾಗ ಒಬ್ಬರ ಕೈ ಖಾಲಿ ಇರುವಂತೆ ನೋಡಿಕೊಳ್ಳಬೇಕು. ನಿಮ್ಮ ಲೆಕ್ಕದಲ್ಲಿ ತಿರುಗಾಮುರುಗಾ ಬರಬಹುದು. ಎತ್ತಿದವರ ಪ್ರಮಾಣ ಸಮವಾಗಿದ್ದು ಅಳತೆಗೆ ಕರೆದವರು ಕಡಿಮೆಯಾದರೆ, ಅಷ್ಟರಲ್ಲಿ ಬೇರೆ ಅಂಗಡಿಯವರು ಮಾತಾಡಿ ಮುಗಿಸಿರುವ ಸಾಧ್ಯತೆ ಇದೆ.

ಕೊನೆಯ ಅನುಮಾನಕ್ಕೆ ಒಂದು ಪರೀಕ್ಷೆ

ಇನ್ನೂ ಒಂದು ಅನುಮಾನ ಉಳಿಯುತ್ತದೆ. ಅನುಭವ ಇರುವ ಸೇಲ್ಸ್‌ನವರು ಫಾರ್ಮ್ ನೋಡಿಯೇ ‘ಇದು ಗಟ್ಟಿ ಪಾರ್ಟಿ’ ಎಂದು ಆರಿಸಿ ಅವರಿಗೇ ಮೊದಲು ಕರೆ ಮಾಡುತ್ತಾರೆ. ಹಾಗಾದರೆ ಬೇಗ ಕರೆ ಹೋಗಿದ್ದರಿಂದ ಆರ್ಡರ್ ಬಂದಿದ್ದಲ್ಲ, ಆರ್ಡರ್ ಬರುವವರಿಗೇ ಬೇಗ ಕರೆ ಹೋಗಿದೆ. ಇದನ್ನು ಹಳೆಯ ಪಟ್ಟಿಯಿಂದ ಬಿಡಿಸಲು ಆಗುವುದಿಲ್ಲ.

ಅದಕ್ಕೆ ಆಯ್ಕೆಯನ್ನು ಅವರ ಕೈಯಿಂದ ತೆಗೆಯಿರಿ. ಹಗಲು ಬರುವ ಲೀಡ್‌ಗಳಲ್ಲಿ ಫೋನ್ ನಂಬರ್‌ನ ಕೊನೆಯ ಅಂಕಿ ಸಮ ಇದ್ದರೆ, ಅದಕ್ಕೆಂದೇ ಕೂರಿಸಿದ ಒಬ್ಬರು 10 ನಿಮಿಷದೊಳಗೆ ಕರೆ ಮಾಡಲಿ. ಬೆಸ ಇದ್ದರೆ ಎಂದಿನಂತೆ ನಡೆಯಲಿ. ಬೇಕೆಂದೇ ಯಾರಿಗೂ ತಡ ಮಾಡುವುದು ಬೇಡ. ಮೊದಲ ಕರೆಯಲ್ಲಿ ಒಬ್ಬರೇ ಮಾತಾಡಿ, ಮುಂದಿನ ಮಾತುಕತೆಯನ್ನು ಇಡೀ ತಂಡಕ್ಕೆ ಹಂಚಿ. ಇಲ್ಲದಿದ್ದರೆ ಆ ಒಬ್ಬರ ಜಾಣತನವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಎರಡೂ ಕಡೆ 150 ಲೀಡ್ ಆಗುವವರೆಗೆ ನಡೆಸಿ. ಹೋಲಿಸುವಾಗ ಸಮ ನಂಬರಿನ ಎಲ್ಲರನ್ನೂ, ಬೆಸ ನಂಬರಿನ ಎಲ್ಲರನ್ನೂ ಎಣಿಸಿ. ಸಮ ನಂಬರಿಗೆ ಒಂದು ದಿನ 10 ನಿಮಿಷ ತಪ್ಪಿ ಅರ್ಧ ಗಂಟೆ ಆಗಿದ್ದರೂ ಅದು ಸಮ ಗುಂಪಿನಲ್ಲೇ ಇರಲಿ. ಫೋನ್ ಎತ್ತಿದವರ, ಅಳತೆಗೆ ಕರೆದವರ ಲೆಕ್ಕ ಬೇಗ ಸಿಗುತ್ತದೆ. ಆರ್ಡರ್ ಲೆಕ್ಕವನ್ನು ಕೊನೆಯ ಲೀಡ್‌ಗೆ 45 ದಿನ ತುಂಬಿದ ಮೇಲೆ ತೆಗೆಯಿರಿ.